‘ನಾಲ್ಕು ಪದ ಸಾಕು’ ಎಂಬ ವಾದದ ಖಂಡನೆ

ಸಂಭಾಷಣೆಯಲ್ಲಿ ಪ್ರಾದೇಶಿಕ ನುಡಿಯನ್ನು ಬಳಸುವ ಬಗ್ಗೆ ಕನ್ನಡದ ಕಥೆಗಾರರಲ್ಲಿ, ನಾಟಕಕಾರರಲ್ಲಿ, ಚಿತ್ರಕಥೆ ಬರೆಯುವವರಲ್ಲಿ ಒಂದು ವಾದ ಬಹುಕಾಲದಿಂದ ನೆಲೆಯೂರಿದೆ. ಪಾತ್ರ ಮಂಗಳೂರಿನದಾಗಲಿ ಹುಬ್ಬಳ್ಳಿಯದಾಗಲಿ, ಮಾತನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲೇ ಬರೆಯಬೇಕು. ಅಲ್ಲಲ್ಲಿ ಆ ಸೀಮೆಯ ನಾಲ್ಕು ಪದ ಇಟ್ಟರೆ ಸೊಗಡು ತಾನಾಗಿ ಬರುತ್ತದೆ. ಅದಕ್ಕಿಂತ ಹೆಚ್ಚು ಮಾಡಿದರೆ ಓದುಗರಿಗೆ ತಿಳಿಯುವುದಿಲ್ಲ, ಮೇಲಾಗಿ ಆ ಜನರನ್ನು ಅಣಕಿಸಿದಂತಾಗುತ್ತದೆ ಎಂಬುದು ಆ ವಾದ. ಬರವಣಿಗೆಯ ಕಮ್ಮಟಗಳಲ್ಲಿ ಇದನ್ನು ಸಂಯಮದ ಪಾಠವೆಂದು ಹೇಳಿಕೊಡುತ್ತಾರೆ. ಕೇಳುವುದಕ್ಕೆ ವಿನಯದ ಮಾತಿನಂತಿದೆ. ಆದರೆ ಕನ್ನಡದಲ್ಲಿ ಸೀಮೆಯ ನುಡಿಗಳು ನಗೆಚಾಟಿಕೆಯ ಸರಕಾಗಿರುವುದಕ್ಕೆ ಮುಖ್ಯ ಕಾರಣ ಇದೇ ವಾದ.

ಇದರ ಮೊದಲ ದೋಷ ಪದಗಳ ಆಯ್ಕೆಯಲ್ಲೇ ಇದೆ. ಒಂದು ಸೀಮೆಯ ಮಾತಿನಿಂದ ‘ನಾಲ್ಕು ಪದ’ ಹೆಕ್ಕುವವರು ಸಾಮಾನ್ಯವಾಗಿ ಹೊರಗಿನವರು. ಹೊರಗಿನವರ ಕಿವಿಗೆ ಬೀಳುವುದು ತಮ್ಮಲ್ಲಿಲ್ಲದ, ತುಸು ವಿಚಿತ್ರವೆನಿಸುವ ಪದ. ಹೀಗೆ ಕರಾವಳಿ ಎಂದರೆ ‘ಎಂತದು ಮಾರಾಯಾ’, ‘ಮಂಡೆ ಬಿಸಿ’. ಉತ್ತರ ಕರ್ನಾಟಕ ಎಂದರೆ ‘ಏನ್ಲೇ ಮಗನ’, ‘ಯಪ್ಪಾ’. ಈ ಪದಗಳು ಸುಳ್ಳಲ್ಲ, ಆ ಊರುಗಳಲ್ಲಿ ಆಡುವಂಥವೇ. ಆದರೆ ಪ್ರತಿಯೊಂದಕ್ಕೂ ಅದರದೇ ಜಾಗ, ಅದರದೇ ಸಂಬಂಧ ಇದೆ. ‘ಮಾರಾಯ’ ಸಮಾನರ ನಡುವಿನ ಸಲುಗೆಯ ಮಾತು. ಹೆಂಗಸಾದರೆ ‘ಮಾರಾಯ್ತಿ’, ತುಸು ಗೌರವ ಬೇಕಾದಲ್ಲಿ ‘ಮಾರಾಯ್ರೇ’. ಮಂಗಳೂರಿನ ಬ್ಯಾಂಕಿನಲ್ಲಿ ಚೆಕ್ಕು ಕೊಡಲು ನಿಂತವನು ಗುಮಾಸ್ತರನ್ನು ‘ಮಾರಾಯಾ’ ಎನ್ನುವುದಿಲ್ಲ, ಅಳಿಯ ಅತ್ತೆಗೆ ಹಾಗೆ ಹೇಳುವುದಿಲ್ಲ. ‘ಲೇ’ ಕೂಡ ಹೀಗೆಯೇ. ಧಾರವಾಡದ ಕಡೆ ಅದು ಗೆಳೆಯರ ನಡುವೆ, ಕಿರಿಯರೊಡನೆ, ಕೆಲವು ಮನೆಗಳಲ್ಲಿ ಗಂಡಹೆಂಡಿರ ನಡುವೆ ಸಹಜವಾಗಿ ಓಡಾಡುತ್ತದೆ. ಅಪರಿಚಿತನಿಗೆ ಹಾಕಿದರೆ ಜಗಳ. ‘ಯಪ್ಪಾ’, ‘ಯವ್ವಾ’ ಎಂಬವು ಅಲ್ಲಿ ಉದ್ಗಾರ ಮಾತ್ರವಲ್ಲ, ಹಿರಿಯರು ಚಿಕ್ಕ ಹುಡುಗನನ್ನೂ ಹುಡುಗಿಯನ್ನೂ ಅಕ್ಕರೆಯಿಂದ ಕರೆಯುವ ಬಗೆ. ಈ ಕಟ್ಟುಪಾಡುಗಳನ್ನೆಲ್ಲ ಬಿಟ್ಟು ಪದವನ್ನಷ್ಟೇ ಎತ್ತಿಕೊಂಡು, ಬೆಂಗಳೂರಿನ ವಾಕ್ಯದ ಮೇಲೆ ಒಗ್ಗರಣೆಯಂತೆ ಸುರಿದಾಗ ಆ ಪಾತ್ರ ಯಾರೊಡನೆ ಹೇಗೆ ಮಾತಾಡಬೇಕೆಂದು ತಿಳಿಯದ ದಡ್ಡನಂತೆ ಕಾಣುತ್ತದೆ. ಅಣಕ ಹುಟ್ಟುವುದು ಅಲ್ಲಿ. ಬರೆಯುವವನ ಮನಸ್ಸಿನಲ್ಲಿ ತಿರಸ್ಕಾರ ಇರಲೇಬೇಕೆಂದಿಲ್ಲ. ಪದ್ಧತಿಯೇ ಆ ಕೆಲಸ ಮಾಡುತ್ತದೆ.

ಎರಡನೆಯ ದೋಷ ಇನ್ನೂ ಆಳದ್ದು. ಒಂದು ಸೀಮೆಯ ನುಡಿ ಇನ್ನೊಂದರಿಂದ ಬೇರೆಯಾಗುವುದು ನಾಮಪದಗಳಿಂದ ಸ್ವಲ್ಪ, ಕ್ರಿಯಾಪದಗಳಿಂದ ಬಹಳ. ‘ಇದೆ’ ಎಂಬ ಒಂದೇ ಕ್ರಿಯಾಪದವನ್ನು ನೋಡಿದರೆ ಸಾಕು. ಬೆಂಗಳೂರು–ಮೈಸೂರಿನ ಓದಿದವರ ಬಾಯಲ್ಲಿ ಅದು ‘ಇದೆ’. ಅದೇ ಸೀಮೆಯ ಹಳ್ಳಿಗಳಲ್ಲಿ ‘ಐತೆ’. ಹುಬ್ಬಳ್ಳಿ–ಧಾರವಾಡದ ಒಕ್ಕಲು ಮನೆಗಳಲ್ಲಿ ‘ಐತಿ’. ಅಲ್ಲಿಯ ಬ್ರಾಹ್ಮಣರ ಮನೆಗಳಲ್ಲಿ ‘ಅದ’. ಕಲಬುರಗಿಯ ಕಡೆಗೆ ಹೋದರೆ ‘ಅದ’ ಒಂದು ಜಾತಿಯ ಗುರುತಾಗಿ ಉಳಿಯದೆ ಸೀಮೆಯ ಸಾಮಾನ್ಯ ಮಾತಾಗುತ್ತದೆ. ಮಂಗಳೂರಿನಲ್ಲಿ ‘ಉಂಟು’. ಕುಂದಾಪುರದಲ್ಲಿ ‘ಇತ್ತ್’. ಹವ್ಯಕರ ಮನೆಮಾತಿನಲ್ಲಿ ‘ಇದ್ದು’. ದಿನಕ್ಕೆ ನೂರಾರು ಸಲ ಬಾಯಿಗೆ ಬರುವ ಮಾತು ಇದು. ‘ಮಂಡೆ ಬಿಸಿ’ ವಾರಕ್ಕೊಮ್ಮೆ ಬರುತ್ತದೋ ಇಲ್ಲವೋ. ದಿನಕ್ಕೆ ನೂರು ಸಲ ಬರುವುದನ್ನು ಒರೆಸಿಹಾಕಿ ವಾರಕ್ಕೊಮ್ಮೆ ಬರುವುದನ್ನು ಪುಟಕ್ಕೆ ನಾಲ್ಕು ಸಲ ಇಡುವುದೇ ‘ಹದವಾದ ಸೊಗಡು’ ಎನ್ನಿಸಿಕೊಂಡಿದೆ.

ಇದಕ್ಕೂ ಕೆಟ್ಟದ್ದು ಆ ಕ್ರಿಯಾಪದವನ್ನೇ ಒಂದು ‘ಪದ’ವೆಂದು ತಿಳಿದು ಕಂಡಕಂಡಲ್ಲಿ ಸಿಕ್ಕಿಸುವುದು. ‘ಉಂಟು’ ವಸ್ತುವಿಗೆ, ವಿಷಯಕ್ಕೆ ಸಲ್ಲುತ್ತದೆ, ಮನುಷ್ಯರಿಗೆ ಸಲ್ಲುವುದಿಲ್ಲ. ‘ಪುಸ್ತಕ ಉಂಟು’, ‘ಕೆಲಸ ಉಂಟು’, ‘ಗೊತ್ತುಂಟು’ ಎನ್ನುವ ಮಂಗಳೂರಿಗರು ‘ಅಣ್ಣ ಮನೆಯಲ್ಲಿ ಉಂಟಾ?’ ಎಂದು ಕೇಳುವುದಿಲ್ಲ, ‘ಇದ್ದಾರಾ?’ ಎಂದೇ ಕೇಳುತ್ತಾರೆ. ನಗೆನಾಟಕಗಳಲ್ಲಿ ಮಾತ್ರ ಮನುಷ್ಯರೂ ‘ಉಂಟು’. ಸಂಭಾಷಣೆ ಬರೆದವರು ಆ ನುಡಿಯನ್ನು ಕೇಳಿ ಬರೆದರೋ ಇನ್ನೊಂದು ನಗೆನಾಟಕ ನೋಡಿ ಬರೆದರೋ ಎಂಬುದನ್ನು ಪತ್ತೆಹಚ್ಚಲು ಈ ಒಂದು ತಪ್ಪು ಸಾಕು. ಉತ್ತರದ ಪಾತ್ರಗಳಿಗೆ ಇಂಥದೇ ಗುರುತು ‘ಕಣ’. ‘ಹೌದು ಕಣೋ’, ‘ಅಲ್ಲ ಕಣ್ರೀ’ ಎಂಬವು ಹಳೆಯ ಮೈಸೂರಿನ ಸ್ವತ್ತು. ಧಾರವಾಡದ ಪಾತ್ರ ಒಂದು ವಾಕ್ಯದಲ್ಲಿ ‘ರೊಕ್ಕ’ ಎಂದು ಇನ್ನೊಂದರಲ್ಲಿ ‘ಕಣ್ರೀ’ ಎಂದರೆ ಅವನು ಧಾರವಾಡದವನೂ ಅಲ್ಲ, ಮೈಸೂರಿನವನೂ ಅಲ್ಲ. ತೆರೆಯ ಮೇಲಿನ ‘ಹಳ್ಳಿಯವನು’ ಬಹುಮಟ್ಟಿಗೆ ಇಂಥ ಊರಿಲ್ಲದ ಮನುಷ್ಯ: ಮಂಡ್ಯದ ‘ಬಂದವ್ನೆ’, ಹುಬ್ಬಳ್ಳಿಯ ‘ಲೇ’, ಎಲ್ಲಿಯದೋ ಒಂದು ‘ಯವ್ವಾ’ ಸೇರಿ ಆದವನು.

ಕ್ರಿಯಾಪದದ ರೂಪ ಎಷ್ಟು ಸೂಕ್ಷ್ಮವಾಗಿ ಅರ್ಥವನ್ನು ಹೊರುತ್ತದೆ ಎಂಬುದಕ್ಕೆ ಉತ್ತರದ ‘ಬಂದಾನ’ ಒಳ್ಳೆಯ ನಿದರ್ಶನ. ‘ಅಪ್ಪ ಬಂದ’ ಎಂದರೆ ಬಂದ ಘಟನೆ ಮುಗಿಯಿತು. ‘ಅಪ್ಪ ಬಂದಾನ’ ಎಂದರೆ ಬಂದಿದ್ದಾನೆ, ಈಗ ಇಲ್ಲೇ ಇದ್ದಾನೆ. ‘ಬಂದಾಳ’, ‘ಬಂದಾರ’, ‘ಬಂದೈತಿ’ ಇದರ ಬಳಗ. ಬರಹದ ಕನ್ನಡದಲ್ಲಿ ‘ಬಂದಾನು’ ಎಂದರೆ ಬರಬಹುದು ಎಂಬ ಊಹೆ. ಒಂದು ಸ್ವರದ ಅಂತರದಲ್ಲಿ ಒಂದು ಕಡೆ ಖಚಿತ ಸಂಗತಿ, ಇನ್ನೊಂದು ಕಡೆ ಅನುಮಾನ. ದಕ್ಷಿಣದ ಲೇಖಕರು ಇದನ್ನು ‘ಬಂದ’ ಎಂದು ಸರಳ ಮಾಡಿದರೆ ಮಾತಿನ ಅರ್ಧ ಹೋಯಿತು. ಕರಡು ತಿದ್ದುವವರು ‘ಬಂದಾನು’ ಎಂದು ‘ಸರಿಪಡಿಸಿದರೆ’ ಪೂರ್ತಿ ಹೋಯಿತು. ಉತ್ತರದ ಮಾತಿನಲ್ಲಿ ಪದಗಳ ಕೊನೆಯ ಸ್ವರಕ್ಕೂ ಒಂದು ಕ್ರಮ ಇದೆ. ಮನೆ, ತಲೆ, ಪೇಟೆ ಎಂಬ ನಾಮಪದಗಳ ಕೊನೆಯ ಎಕಾರ ಇಕಾರವಾಗಿ ಮನಿ, ತಲಿ, ಪ್ಯಾಟಿ ಆಗುತ್ತದೆ. ನನಗೆ, ಹೊರಗೆ, ಮೇಲೆ, ಯಾಕೆ ಎಂಬಲ್ಲಿ ಅದೇ ಎಕಾರ ಅಕಾರವಾಗಿ ನನಗ, ಹೊರಗ, ಮ್ಯಾಲ, ಯಾಕ ಆಗುತ್ತದೆ. ‘ಮನೆಯಲ್ಲಿ’ ಎಂಬುದು ‘ಮನ್ಯಾಗ’. ಇದನ್ನು ತಿಳಿಯದವರು ಎಲ್ಲ ಪದಗಳಿಗೂ ಒಂದೇ ಬಾಲ ಹಚ್ಚಿ ‘ಮನ’, ‘ತಲ’ ಎಂದೆಲ್ಲ ಬರೆದು ಬಿಡುವುದುಂಟು. ಅಂಥ ಮಾತನ್ನು ಭೂಮಿಯ ಮೇಲೆ ಯಾರೂ ಆಡುವುದಿಲ್ಲ.

ಪದ್ಧತಿಯ ವ್ಯತ್ಯಾಸ ಒಂದು ಸನ್ನಿವೇಶದಲ್ಲಿ ಸ್ಪಷ್ಟವಾಗುತ್ತದೆ. ನವಲಗುಂದ ತಾಲ್ಲೂಕಿನ ಎರೆಭೂಮಿಯ ರೈತನೊಬ್ಬ ಬೆಳೆ ವಿಮೆಯ ಹಣ ಕೇಳಲು ಸೊಸೈಟಿಗೆ ಹೋಗುತ್ತಾನೆ. ಹಣ ಪಕ್ಕದ ಊರಿನವರಿಗೆ ಬಂದಿದೆ, ಇವನಿಗೆ ಬಂದಿಲ್ಲ. ಕಾರ್ಯದರ್ಶಿ ಅದೇ ಸೀಮೆಯವನು. ಪಟ್ಟಿಯಲ್ಲಿ ಹೆಸರಿದೆ, ಸೋಮವಾರ ಬನ್ನಿ ಎಂದು ಸಾಗಹಾಕುತ್ತಾನೆ. ನಾಲ್ಕು ಪದದ ವಾದದಂತೆ ಬರೆದರೆ ರೈತನ ಮಾತು ಹೀಗಾಗುತ್ತದೆ:

“ಯಪ್ಪಾ! ಏನ್ಲೇ ಇದು, ವಿಮೆ ರೊಕ್ಕ ಇನ್ನೂ ಬಂದಿಲ್ಲ! ಪಕ್ಕದ ಊರಿನವರಿಗೆ ಬಂದಿದೆ ಕಣ್ರೀ, ನಮಗೆ ಯಾಕೆ ಬಂದಿಲ್ಲ ಮಗನ?”

ನಗು ಬರುತ್ತದೆ, ಸಂಶಯವಿಲ್ಲ. ಬೆಳೆ ಹೋದ ಮನುಷ್ಯನ ಮಾತಿಗೆ ನಗು ಬರುತ್ತದೆ ಎಂಬುದೇ ಆಕ್ಷೇಪ. ವಾಕ್ಯದ ಕ್ರಿಯಾಪದಗಳೆಲ್ಲ ಬೆಂಗಳೂರಿನವು, ಬೈಗುಳಗಳು ಮಾತ್ರ ಉತ್ತರದವು. ಹಣ ಬರಬೇಕಾದವನು ಕಚೇರಿಯಲ್ಲಿ ಕಾರ್ಯದರ್ಶಿಯನ್ನು ‘ಲೇ’, ‘ಮಗನ’ ಎನ್ನುವುದು ಆ ಊರಿನ ನಡವಳಿಕೆಗೆ ಹೊರತು. ಅದೇ ಸನ್ನಿವೇಶ ಕ್ರಿಯಾಪದಗಳ ದಾರಿಯಿಂದ ಬಂದರೆ:

“ಬೆಳಿ ವಿಮಾದ ರೊಕ್ಕ ಇನ್ನಾ ಬಂದಿಲ್ರಿ. ಬಾಜೂ ಊರಾನವ್ರಿಗ ಬಂದೈತ್ರಿ.”

“ಯಾದ್ಯಾಗ ನಿಮ್ಮ ಹೆಸರ ಐತ್ರಿ. ಬ್ಯಾಂಕಿನವ್ರು ಜಮಾ ಮಾಡ್ಬೇಕ್ರಿ. ಸೋಮಾರ ಬರ್ರಿ.”

“ಹ್ವಾದ ಸೋಮಾರನೂ ಹಿಂಗ ಅಂದ್ರಿ. ನಮ್ಮ ರೊಕ್ಕ ಎಲ್ಲೈತಿ?”

ಇಲ್ಲಿ ‘ರೊಕ್ಕ’, ‘ಬಾಜೂ’, ‘ಯಾದಿ’ ಬಿಟ್ಟರೆ ಹೊರಗಿನವರಿಗೆ ಹೊಸದೆನಿಸುವ ನಾಮಪದ ಇಲ್ಲ. ಅವೂ ಸೊಗಡಿಗಾಗಿ ಬಂದವಲ್ಲ, ಆ ವಸ್ತುಗಳಿಗೆ ಅಲ್ಲಿಯ ಹೆಸರುಗಳು. ಗಮನಿಸಬೇಕಾದದ್ದು ‘ರಿ’. ಮೊದಲ ಮಾತಿನ ಎರಡೂ ವಾಕ್ಯಗಳಲ್ಲಿ ರೈತ ಅದನ್ನು ಹಚ್ಚುತ್ತಾನೆ. ಕಾರ್ಯದರ್ಶಿಯೂ ಅಷ್ಟೇ ಗೌರವದಿಂದ ತಿರುಗಿಸುತ್ತಾನೆ. ಕೊನೆಯ ಪ್ರಶ್ನೆಯಲ್ಲಿ ರೈತನ ‘ರಿ’ ಬಿದ್ದುಹೋಗಿದೆ. ‘ಅಂದ್ರಿ’ ಎಂಬ ಕ್ರಿಯಾಪದದಲ್ಲಿ ಬಹುವಚನ ಉಳಿದಿದೆ, ಅಂದರೆ ಮರ್ಯಾದೆ ಮೀರಿಲ್ಲ. ಆದರೆ ‘ಎಲ್ಲೈತ್ರಿ’ ಎನ್ನಬೇಕಾದಲ್ಲಿ ‘ಎಲ್ಲೈತಿ’ ಎಂದಾಗ ತಾಳ್ಮೆ ಎಷ್ಟು ತೆಳುವಾಗಿದೆ ಎಂದು ಆ ಸೀಮೆಯ ಓದುಗರಿಗೆ ಕೂಡಲೇ ತಿಳಿಯುತ್ತದೆ. ಉಳಿದವರಿಗೂ ಮೂರು ಸಲ ಬಂದ ದನಿ ನಾಲ್ಕನೆಯ ಸಲ ಬಾರದಿದ್ದಾಗ ಏನೋ ಬದಲಾಯಿತೆಂದು ಹೊಳೆಯುತ್ತದೆ. ‘ಎಂದು ಸಿಟ್ಟಿನಿಂದ ಕೇಳಿದ’ ಎಂದು ಕಥೆಗಾರ ಸೇರಿಸಬೇಕಾದ ಅಗತ್ಯ ಇಲ್ಲ. ನುಡಿಯ ಒಳಗೇ ಇರುವ ಇಂಥ ಸಾಧನಗಳು ಒಗ್ಗರಣೆಯವರ ಕೈಗೆ ಎಂದೂ ಸಿಗುವುದಿಲ್ಲ, ಏಕೆಂದರೆ ಅವರಿಗೆ ‘ರೀ’ ಎಂಬುದು ಪ್ರತಿ ವಾಕ್ಯದ ಕೊನೆಗೆ ಅಂಟಿಸುವ ಚೀಟಿ.

ಕಾರ್ಯದರ್ಶಿ ಬೇರೆ ಹಿನ್ನೆಲೆಯವನಾದರೆ ಮಾತೂ ಬದಲಾಗಬೇಕು. ಧಾರವಾಡದ ಬ್ರಾಹ್ಮಣರ ಮನೆಯಿಂದ ಬಂದವನಾದರೆ ‘ಹೆಸರ ಅದ್ರಿ’ ಎಂದಾನು. ರೊಕ್ಕ ‘ಬರಾಕತ್ತೈತಿ’ ಎಂದು ರೈತ ಹೇಳಿದರೆ ಅವನದು ‘ಬರ್ಲಿಕತ್ತದ’. ಇವೆರಡನ್ನೂ ಒಬ್ಬನ ಬಾಯಲ್ಲಿ ಕಾರಣವಿಲ್ಲದೆ ಬೆರೆಸಿದರೆ ಪಾತ್ರ ಒಡೆದುಹೋಗುತ್ತದೆ. ಕಾರಣ ಇದ್ದು ಬೆರೆಸಿದರೆ ಅದೇ ಕಥೆಯಾಗುತ್ತದೆ: ಶಾಲೆಯಲ್ಲಿ ‘ಅದ’ ಎನ್ನುವ ಮಾಸ್ತರ ಮನೆಗೆ ಬಂದು ಅವ್ವನ ಜೊತೆ ‘ಐತಿ’ ಎನ್ನುವುದರಲ್ಲಿ ಅವನ ಎರಡು ಬದುಕುಗಳೂ ಇವೆ.

ಕರಾವಳಿಯ ವಿಷಯದಲ್ಲಿ ಪ್ರಚಲಿತ ವಾದ ಇನ್ನೊಂದು ತಪ್ಪನ್ನೂ ಮಾಡುತ್ತದೆ: ಅಲ್ಲಿ ಒಂದೇ ಕನ್ನಡ ಇದೆ ಎಂದು ತಿಳಿಯುತ್ತದೆ. ಮಂಗಳೂರಿನ ಸುತ್ತ ಬಹಳ ಜನರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಅವರಿಗೆ ಶಾಲೆಯಿಂದ, ಪತ್ರಿಕೆಯಿಂದ, ಯಕ್ಷಗಾನ–ತಾಳಮದ್ದಳೆಗಳ ಮಾತುಗಾರಿಕೆಯಿಂದ ಬಂದದ್ದು. ಹಾಗಾಗಿ ಅದು ಬರಹಕ್ಕೆ ಹತ್ತಿರ. ಬೆಂಗಳೂರಿನ ‘ಬರ್ತೀನಿ’, ‘ಆಗತ್ತೆ’ ಎಂಬಲ್ಲಿ ಮಂಗಳೂರು ‘ಬರ್ತೇನೆ’, ‘ಆಗ್ತದೆ’ ಎನ್ನುತ್ತದೆ; ‘ಹೋಗೋಣ’ ಎಂಬಲ್ಲಿ ‘ಹೋಗುವ’; ‘ಮಾತಾಡಬೇಕಿದೆ’ ಎಂಬಲ್ಲಿ ‘ಮಾತಾಡ್ಲಿಕ್ಕುಂಟು’. ಈ ಬರಹದ ಛಾಯೆಯನ್ನು ಬೇರೆಯವರು ‘ಪುಸ್ತಕದ ಕನ್ನಡ’ ಎಂದು ತಮಾಷೆ ಮಾಡುತ್ತಾರೆ. ಕಥೆ ಬರೆಯುವಾಗ ಅದನ್ನು ಸೊಗಡಿಲ್ಲದ್ದೆಂದು ತೆಗೆದುಹಾಕಿ ‘ಮಾರಾಯಾ’ ಹಾಕುತ್ತಾರೆ. ನಿಜದಲ್ಲಿ ಆ ಪುಸ್ತಕದ ಛಾಯೆಯೇ ಅಲ್ಲಿಯ ಸೊಗಡು. ಮಂಗಳೂರಿನ ಮನೆಯೊಂದರ ಬಾಗಿಲಿಗೆ ಬಂದವರ ಮಾತು ಇಷ್ಟೇ ಇರಬಹುದು:

“ನಿಮ್ಮ ಅಣ್ಣ ಇದ್ದಾರಾ? ಅವರ ಹತ್ರ ಸ್ವಲ್ಪ ಮಾತಾಡ್ಲಿಕ್ಕುಂಟು.”

“ಪೇಟೆಗೆ ಹೋಗಿದ್ದಾರೆ. ಬರುವಾಗ ತಡ ಆಗ್ತದೆ. ಒಳಗೆ ಬನ್ನಿ.”

“ಬೇಡ, ನಾಳೆ ಬರ್ತೇನೆ.”

‘ಎಂತ’ ಇಲ್ಲ, ‘ಮಾರಾಯ’ ಇಲ್ಲ, ‘ಮಂಡೆ’ ಇಲ್ಲ. ಆದರೂ ಇದನ್ನು ಮೈಸೂರಿನವರು ಆಡಿದರೆಂದು ಯಾರೂ ತಪ್ಪು ತಿಳಿಯುವುದಿಲ್ಲ.

ಇಲ್ಲಿಂದ ಉತ್ತರಕ್ಕೆ ಕುಂದಾಪುರ ಸೀಮೆಗೆ ಹೋದರೆ ನೆಲವೇ ಬೇರೆ. ಅಲ್ಲಿ ಕನ್ನಡ ಮನೆಮಾತು, ಹಳೆಯದು, ತನ್ನದೇ ಕಟ್ಟಿನದು. ‘ಹೋಗಬೇಕು’ ಅಲ್ಲಿ ‘ಹೋಯ್ಕ್’, ‘ಬರಬೇಕು’ ‘ಬರ್ಕ್’. ಮಂಗಳೂರಿನ ‘ಉಂಟು’ವನ್ನು ಕುಂದಾಪುರದ ಅಜ್ಜಿಯ ಬಾಯಿಗೆ ಹಾಕುವವರು ಕರಾವಳಿಯನ್ನು ಹೆದ್ದಾರಿಯ ಮೇಲಿನ ಬಸ್ಸಿನ ಕಿಟಕಿಯಿಂದಷ್ಟೇ ಕಂಡವರು. ಕುಂದಾಪುರದ ‘ಇತ್ತ್’ ಬರೆಯುವವರಿಗೆ ನಿಜವಾದ ಒಂದು ತೊಡಕನ್ನು ಒಡ್ಡುತ್ತದೆ. ‘ಕೆಲ್ಸ ಇತ್ತ್’ ಎಂದರೆ ಅಲ್ಲಿ ಕೆಲಸ ಇದೆ ಎಂದು. ಹೊರಗಿನ ಓದುಗರು ಅದನ್ನು ಹಿಂದಿನ ಕಾಲವೆಂದು ಓದುತ್ತಾರೆ. ಇದಕ್ಕೆ ಅಡಿಟಿಪ್ಪಣಿ ಬೇಡ. ಕಥೆಯಲ್ಲಿ ಆ ರೂಪ ಮೊದಲ ಸಲ ಬರುವ ಕಡೆ ಕಾಲವನ್ನು ಸಂದೇಹವಿಲ್ಲದಂತೆ ಹೇಳುವ ಇನ್ನೊಂದು ಮಾತು ಜೊತೆಗಿದ್ದರೆ ಸಾಕು. ‘ಈಗ ಕೆಲ್ಸ ಇತ್ತ್, ನಾಳೆ ಬತ್ತೆ’ ಎಂಬುದನ್ನು ಒಮ್ಮೆ ಓದಿದವರಿಗೆ ಎರಡನೆಯ ಸಲ ಆ ‘ಇತ್ತ್’ ತೊಡಕಾಗುವುದಿಲ್ಲ. ಕುಂದಾಪುರದವರೇ ಆದ ವೈದೇಹಿ ಆ ಕನ್ನಡವನ್ನು ತಮ್ಮ ಕಥೆಗಳ ಹೆಂಗಸರಿಗೆ ಕೊಟ್ಟಿದ್ದಾರೆ. ಆ ಮಾತು ಅವರ ಕೈಯಲ್ಲಿ ಮನೆಯೊಳಗಿನ ದುಃಖ, ಜಾಣತನ, ವ್ಯಂಗ್ಯ ಎಲ್ಲವನ್ನೂ ಹೇಳುತ್ತದೆ. ರಾಜ್ಯದ ಎಲ್ಲ ಭಾಗದವರೂ ಆ ಕಥೆಗಳನ್ನು ಓದಿದ್ದಾರೆ.

ಹವ್ಯಕ ಕನ್ನಡದ ತೊಡಕು ಇನ್ನೊಂದು ಬಗೆಯದು. ಅಲ್ಲಿ ಹೆಂಗಸರ ಬಗ್ಗೆ ಏಕವಚನದಲ್ಲಿ ಹೇಳುವಾಗ ನಪುಂಸಕಲಿಂಗದ ರೂಪವೇ ಬರುತ್ತದೆ. ‘ಅಕ್ಕ ಬಂತು’ ಎನ್ನುವುದು ಸಹಜ ಮಾತು, ಅದರಲ್ಲಿ ಅವಮಾನದ ಸುಳಿವೂ ಇಲ್ಲ. ಹೊರಗಿನ ಓದುಗರಿಗೆ ಅದು ಕೀಳುಮಾಡಿದಂತೆ ಕೇಳಬಹುದು. ಹಾಗೆಂದು ‘ಬಂದಳು’ ಎಂದು ತಿದ್ದಿದರೆ ಮಾತು ಸುಳ್ಳಾಗುತ್ತದೆ. ಗೌರವಕ್ಕೆ ಪಾತ್ರಳಾದ, ಎಲ್ಲರೂ ಮಾತು ಕೇಳುವ ಹೆಂಗಸಿನ ಬಗ್ಗೆ ಆ ರೂಪವನ್ನು ಮೊದಲು ಬಳಸಿಬಿಟ್ಟರೆ ಕಥೆಯ ಉದ್ದಕ್ಕೂ ಅದು ಸರಿಯಾಗಿ ಕೇಳಿಸುತ್ತದೆ. ಒಂದು ನುಡಿಯ ನಿಯಮವನ್ನು ಓದುಗರಿಗೆ ಕಲಿಸುವ ಬಗೆ ಇದು: ವಿವರಣೆಯಿಂದಲ್ಲ, ಸನ್ನಿವೇಶದ ಜೋಡಣೆಯಿಂದ.

ಓದುಗರಿಗೆ ತಿಳಿಯುವುದಿಲ್ಲ ಎಂಬ ಆಕ್ಷೇಪಕ್ಕೆ ಉತ್ತರದ ಬಹುಪಾಲು ಇಲ್ಲೇ ಬಂದಿದೆ. ಕನ್ನಡಿಗರಿಗೆ ‘ಬಂದೈತಿ’, ‘ಮನ್ಯಾಗ’, ‘ಮಾತಾಡ್ಲಿಕ್ಕುಂಟು’ ಎಂಬವು ಗೊತ್ತಿರುವ ಧಾತುಗಳ ಬೇರೆ ರೂಪಗಳು. ಒಂದೆರಡು ಪುಟದಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ. ಓದನ್ನು ನಿಜವಾಗಿ ತಡೆಯುವುದು ಅರ್ಥವಾಗದ ನಾಮಪದಗಳು, ಅಂದರೆ ‘ನಾಲ್ಕು ಪದ’ದವರು ಆರಿಸುವ ಸರಕು. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಅದರಲ್ಲಿ ಪಾತ್ರಗಳ ಮಾತಷ್ಟೇ ಅಲ್ಲ, ನಿರೂಪಣೆಯೂ ನಂಜನಗೂಡು ಸೀಮೆಯ ನುಡಿಯಲ್ಲಿತ್ತು. ಓದುವುದು ಕಷ್ಟ ಎಂಬ ದೂರು ಬಂದದ್ದು ನಿಜ. ಅದು ಸಂಭಾಷಣೆಯ ಮೇರೆಯನ್ನೂ ದಾಟಿದ ಪ್ರಯೋಗ. ಅದಕ್ಕೂ ಓದುಗರು ಸಿಕ್ಕಿದ್ದಾರೆ, ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಸಿಕ್ಕಿದೆ. ಸಂಭಾಷಣೆಯಲ್ಲಿ ಮಾತ್ರ ಸೀಮೆಯ ನುಡಿ ಬಳಸುವವರಿಗೆ ಓದುಗರ ಹೆದರಿಕೆ ತೋರಿಸುವುದರಲ್ಲಿ ಅರ್ಥವಿಲ್ಲ.

ಇನ್ನು ಅಣಕದ ಭಯ. ಅಣಕ ಯಾವ ನುಡಿಯಿಂದಲೂ ಹುಟ್ಟುವುದಿಲ್ಲ, ಹಂಚಿಕೆಯಿಂದ ಹುಟ್ಟುತ್ತದೆ. ಸಂಸ್ಕೃತ ನಾಟಕಗಳಲ್ಲಿ ರಾಜನಿಗೆ ಸಂಸ್ಕೃತ, ವಿದೂಷಕನಿಗೆ, ಸೇವಕರಿಗೆ, ಹೆಚ್ಚಿನ ಹೆಂಗಸರಿಗೆ ಪ್ರಾಕೃತ. ಕಂಪನಿ ನಾಟಕಗಳಲ್ಲಿ ರಾಜ ಗ್ರಾಂಥಿಕ ಕನ್ನಡ ಆಡಿದರೆ ಹಾಸ್ಯಪಾತ್ರ ಆಡುಮಾತು ಆಡುತ್ತಿತ್ತು. ಸಿನಿಮಾ ಅದನ್ನು ನಾಯಕ ಮತ್ತು ಅವನ ಗೆಳೆಯ ಎಂದು ಹಂಚಿಕೊಂಡಿತು. ಇಂದಿನ ಕಥೆಗಳಲ್ಲೂ ಜಿಲ್ಲಾಧಿಕಾರಿ, ವೈದ್ಯೆ, ಪ್ರೇಮಿ ‘ಶುದ್ಧ’ ಕನ್ನಡದವರು. ಅಡುಗೆಯವಳು, ಚಾಲಕ, ಕುಡುಕ ಸೀಮೆಯ ಕನ್ನಡದವರು. ಒಂದೇ ಊರಿನಲ್ಲಿ ಹುಟ್ಟಿ ಬೆಳೆದ ಅಣ್ಣತಮ್ಮಂದಿರಲ್ಲಿ ಓದಿದವನು ‘ಇದೆ’, ಓದದವನು ‘ಐತಿ’ ಎನ್ನುವ ಕಥೆಗಳು ಬೇಕಾದಷ್ಟಿವೆ. ಈ ಹಂಚಿಕೆ ಹಾಗೇ ಇರುವಾಗ ಎಷ್ಟು ನಿಖರವಾಗಿ ನುಡಿಯನ್ನು ಬರೆದರೂ ಅದು ಕೀಳಿನ ಗುರುತಾಗಿಯೇ ಕೇಳುತ್ತದೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ವ್ಯತಿರಿಕ್ತವಾದ ಪರಂಪರೆ ಬಹಳ ಹಿಂದೆಯೇ ಇತ್ತು. ಶ್ರೀರಂಗರ ನಾಟಕಗಳಲ್ಲಿ ಓದು ಬಲ್ಲವರು, ವಾದ ಮಾಡುವವರು ಆ ಸೀಮೆಯ ಮಾತಿನಲ್ಲೇ ಚರ್ಚಿಸುತ್ತಾರೆ, ರಾವಬಹಾದ್ದೂರರ ‘ಗ್ರಾಮಾಯಣ’ದಲ್ಲಿ ಒಂದು ಇಡೀ ಊರಿನ ಪತನ ಅದೇ ನುಡಿಯಲ್ಲಿ ನಡೆಯುತ್ತದೆ, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಗೌಡನಿಗೂ ಅವನನ್ನು ಎದುರಿಸುವ ಬಸಣ್ಣನಿಗೂ ಬೆಳಗಾವಿ ಸೀಮೆಯದೇ ಮಾತು. ಅಲ್ಲೆಲ್ಲ ನಗು ಬಂದರೆ ಮಾತಿನ ಹುರುಳಿಗೆ ಬರುತ್ತದೆ, ಮಾತಿನ ಧಾಟಿಗೆ ಅಲ್ಲ. ಒಂದು ಕೃತಿಯಲ್ಲಿ ಎಲ್ಲರೂ ಅದೇ ನುಡಿಯಾಡುವಾಗ ಧಾಟಿ ತಾನೇ ಮರೆಯಾಗುತ್ತದೆ ಎಂಬುದು ಇದರ ರಹಸ್ಯ.

ಕಾಗುಣಿತದಲ್ಲೂ ಇಂಥದೇ ಒಂದು ಪಕ್ಷಪಾತ ನಡೆಯುತ್ತದೆ. ಆಡುವಾಗ ಮಹಾಪ್ರಾಣಗಳು ಸಡಿಲಾಗುವುದು, ಪದದ ನಡುವಿನ ಸ್ವರ ಬಿದ್ದುಹೋಗುವುದು ಕನ್ನಡದ ಎಲ್ಲ ಕಡೆಯೂ, ಓದಿದವರಲ್ಲೂ ಇದೆ. ಬೆಂಗಳೂರಿನ ಪ್ರಾಧ್ಯಾಪಕರು ‘ಹೋಗ್ಬಿಟ್ಟು ಬರ್ತೀನಿ’ ಎಂದರೂ ಕಥೆಯಲ್ಲಿ ಅವರ ಮಾತು ‘ಹೋಗಿಬಿಟ್ಟು ಬರುತ್ತೇನೆ’ ಎಂದು ಅಚ್ಚಾಗುತ್ತದೆ. ರೈತನ ಮಾತು ಮಾತ್ರ ‘ಬಾಸೆ’, ‘ಸಂಕ್ರ’, ‘ಬಾಗ್ಯ’ ಎಂದು ತುಂಡುತುಂಡಾಗಿ ಅಚ್ಚಾಗುತ್ತದೆ. ಇದು ನುಡಿಯ ದಾಖಲೆಯಲ್ಲ, ಅನಕ್ಷರತೆಯ ಮುದ್ರೆ. ಎಲ್ಲರೂ ಉಚ್ಚಾರದಲ್ಲಿ ಮಾಡುವುದನ್ನು ಯಾರಿಗೂ ಬರೆಯಬಾರದು, ಇಲ್ಲವೇ ಎಲ್ಲರಿಗೂ ಬರೆಯಬೇಕು. ಒಂದು ಸೀಮೆಯನ್ನು ಇನ್ನೊಂದರಿಂದ ಬೇರೆ ಮಾಡುವ ರೂಪಗಳನ್ನು ಮಾತ್ರ ಅಕ್ಷರದಲ್ಲಿ ತೋರಿಸಬೇಕು. ‘ಮನ್ಯಾಗ’ ಎಂಬುದಕ್ಕೆ ಬೇರೆ ಕಾಗುಣಿತ ಅಗತ್ಯ, ಏಕೆಂದರೆ ಅದು ಬೇರೆ ರೂಪ. ‘ಭಾಷೆ’ಯನ್ನು ‘ಬಾಸೆ’ ಎನ್ನುವುದು ಬಹಳ ಸಲ ಬರಿಯ ಹೀಯಾಳಿಕೆ. ಹಕಾರ ಬಿಡುವುದನ್ನು ‘ಹಳ್ಳಿ’ಯ ಗುರುತೆಂದು ಎಲ್ಲ ಕಡೆಯೂ ಹರಡುವವರು, ‘ಹಾಲು’ವನ್ನು ‘ಆಲು’ ಮಾಡುವುದು ಹಳೆಯ ಮೈಸೂರು ಸೀಮೆಯ ಕೆಲವು ಕಡೆಯ ಲಕ್ಷಣ, ಹುಬ್ಬಳ್ಳಿಯದಲ್ಲ ಎಂಬುದನ್ನಾದರೂ ನೆನಪಿಡಬೇಕು.

ಹಾಗಾದರೆ ಕೆಲಸದ ಕ್ರಮ ಏನು? ಮೊದಲು ಪಾತ್ರದ ಊರನ್ನು ತಾಲ್ಲೂಕಿನ ಮಟ್ಟಕ್ಕೆ ಇಳಿಸಿ, ಮನೆತನ, ವಯಸ್ಸು, ಓದು, ಎದುರಿಗಿರುವವರೊಡನೆ ಸಂಬಂಧ ಇವನ್ನು ನಿಶ್ಚಯಿಸಬೇಕು. ಆಮೇಲೆ ಆ ನುಡಿಯ ಎಂಟೋ ಹತ್ತೋ ರೂಪಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು: ‘ಇದೆ’, ‘ಬರುತ್ತೇನೆ’, ‘ಬಂದಿದ್ದಾನೆ’, ‘ಬರುತ್ತಿದೆ’, ‘ಬರಬೇಕು’, ‘ಬೇಡ’, ‘ಮನೆಯಲ್ಲಿ’, ‘ನನಗೆ’ ಎಂಬವಕ್ಕೆ ಅಲ್ಲಿ ಏನೆನ್ನುತ್ತಾರೆ, ಕರೆಯುವಾಗ ಯಾರು ಯಾರನ್ನು ಏನೆನ್ನುತ್ತಾರೆ ಎಂದು. ಇದನ್ನು ಆ ಊರಿನವರಿಂದ ಸಂಗ್ರಹಿಸುವಾಗ ಬರೆದ ವಾಕ್ಯ ತೋರಿಸಿ ‘ಇದು ಸರಿಯೇ’ ಎಂದು ಕೇಳಿದರೆ ಪ್ರಯೋಜನ ಕಡಿಮೆ. ಜನ ಸಂಕೋಚದಿಂದ ಹೌದೆನ್ನುತ್ತಾರೆ, ಇಲ್ಲವೇ ಶಾಲೆಯ ಕನ್ನಡಕ್ಕೆ ತಿದ್ದಿಕೊಡುತ್ತಾರೆ. ಸನ್ನಿವೇಶ ಹೇಳಿ ‘ಆಗ ನೀವು ಏನನ್ನುತ್ತೀರಿ’ ಎಂದು ಕೇಳಬೇಕು. ಹಾಳೆ ಸಿದ್ಧವಾದ ಮೇಲೆ ಕೊನೆಯ ಪುಟದವರೆಗೂ ಅದಕ್ಕೆ ಬದ್ಧವಾಗಿರಬೇಕು. ಸ್ಥಳೀಯ ನಾಮಪದಗಳು ಕಟ್ಟಕಡೆಗೆ ಬರಬೇಕು, ಅದೂ ಆ ವಸ್ತುವಿಗೆ ಆ ಪಾತ್ರ ಬೇರೆ ಹೆಸರನ್ನೇ ತಿಳಿದಿಲ್ಲದ ಕಡೆ.

ಪರೀಕ್ಷೆಯೂ ಸುಲಭ. ಬರೆದ ಸಂಭಾಷಣೆಯಿಂದ ‘ಮಾರಾಯ’, ‘ಲೇ’, ‘ಯಪ್ಪಾ’, ‘ಮಂಡೆ’, ‘ಎಂತದು’ ಎಲ್ಲವನ್ನೂ ಹೊಡೆದುಹಾಕಿ ಓದಿದಾಗ ಮಾತು ಆ ಊರಿನದಾಗಿಯೇ ಉಳಿದರೆ ಕೆಲಸ ಆಗಿದೆ. ಬೆಂಗಳೂರಿನದಾಗಿಬಿಟ್ಟರೆ ಮೊದಲಿನಿಂದಲೂ ಅದು ಬೆಂಗಳೂರಿನದೇ ಆಗಿತ್ತು. ಉಳಿದ ಮೇಲೆ, ಹೊಡೆದ ಪದಗಳಲ್ಲಿ ಸಂಬಂಧಕ್ಕೆ ಒಪ್ಪುವ ಒಂದೆರಡನ್ನು ಹಿಂದಿರುಗಿಸಲು ಅಡ್ಡಿಯಿಲ್ಲ. ಈ ದಾರಿಗೂ ಮಿತಿ ಇದೆ. ತಾನು ಆರು ತಿಂಗಳಾದರೂ ಕಿವಿಗೊಟ್ಟು ಕೇಳದ ನುಡಿಯಲ್ಲಿ ನೂರು ಪುಟ ಸಂಭಾಷಣೆ ಬರೆಯುವುದು ಯಾರಿಗೂ ಆಗದು. ಅಂಥವರು ಆ ಪಾತ್ರಕ್ಕೆ ಕೂಡ ಉಳಿದ ಪಾತ್ರಗಳಿಗೆ ಕೊಟ್ಟ ಕನ್ನಡವನ್ನೇ ಕೊಟ್ಟು ಸುಮ್ಮನಿರುವುದು ಪ್ರಾಮಾಣಿಕ. ಸೊಗಡಿಲ್ಲದ ಮಾತಿನಿಂದ ಯಾರಿಗೂ ಅವಮಾನ ಆಗುವುದಿಲ್ಲ.

ಕೊನೆಯ ಹೊಣೆ ಪ್ರಕಾಶಕರದು. ಲೇಖಕರು ನಿಷ್ಠೆಯಿಂದ ಬರೆದ ‘ಐತಿ’ ಕರಡು ತಿದ್ದುವವರ ಮೇಜಿನ ಮೇಲೆ ‘ಐತೆ’ ಆಗುತ್ತದೆ, ‘ಬಂದಾನ’ ‘ಬಂದನು’ ಆಗುತ್ತದೆ, ‘ಬರ್ತೇನೆ’ ‘ಬರ್ತೀನಿ’ ಆಗುತ್ತದೆ. ‘ಮಾರಾಯಾ’ ಮಾತ್ರ ಯಾರ ಕೈಗೂ ಸಿಗದೆ ಹಾಗೇ ಉಳಿಯುತ್ತದೆ. ಆದ್ದರಿಂದ ಲೇಖಕರು ರೂಪಗಳ ಆ ಹಾಳೆಯನ್ನು ಹಸ್ತಪ್ರತಿಯ ಜೊತೆಗೇ ಕಳಿಸಬೇಕು, ತಿದ್ದುವವರು ಸಂಭಾಷಣೆಯನ್ನು ನಿಘಂಟಿನೊಡನೆ ಹೋಲಿಸದೆ ಆ ಹಾಳೆಯೊಡನೆ ಹೋಲಿಸಿ ತಿದ್ದಬೇಕು.